ವಾಷಿಂಗ್ ಮೆಷಿನ್‌ನಲ್ಲಿ ನೀರು ಮಿತಿಮೀರಿ ತುಂಬಿದರೆ ಅಥವಾ ಒಳಗೇ ನಿಂತರೆ: ಬೋರ್ಡ್ ಬದಲಿಸುವ ಮೊದಲು ನೋಡಬೇಕಾದ ಸಣ್ಣ ಪೈಪು

ಕೊಡಗಿನಲ್ಲಿ ವಾಷಿಂಗ್ ಮೆಷಿನ್ ಕೆಡುವುದು ಹೆಚ್ಚಾಗಿ ಮಳೆಗಾಲದಲ್ಲೇ. ಕುಶಾಲನಗರದಿಂದಲೋ ಮೈಸೂರಿನಿಂದಲೋ ಬರಬೇಕಾದ ಮೆಕ್ಯಾನಿಕ್, ಮಳೆ ಸ್ವಲ್ಪ ಬಿಡಲಿ ಎನ್ನುತ್ತಾರೆ. ಅಷ್ಟರೊಳಗೆ ಫೋನಿನಲ್ಲೇ ತೀರ್ಪು ಬಂದಿರುತ್ತದೆ: ‘ಬೋರ್ಡ್ ಹೋಗಿರಬೇಕು,’ ಅಂದರೆ ಯಂತ್ರವನ್ನು ನಡೆಸುವ ಎಲೆಕ್ಟ್ರಾನಿಕ್ ಬೋರ್ಡು. ನೀರು ಮಿತಿಮೀರಿ ತುಂಬುವುದು, ನೀರು ಒಳಗಿರುವಾಗಲೇ ಯಂತ್ರ ನಿಲ್ಲುವುದು, ಖಾಲಿ ಡ್ರಮ್ಮಿನಲ್ಲಿ ನೀರಿದೆ ಎಂದು ಹಟ ಹಿಡಿಯುವುದು, ಈ ಮೂರರಲ್ಲೂ ಬೋರ್ಡಿಗಿಂತ ಮೊದಲು ಅನುಮಾನಿಸಬೇಕಾದದ್ದು ನೀರಿನ ಮಟ್ಟ ಅಳೆಯುವ ಸೆನ್ಸರನ್ನು. ಸೆನ್ಸರಿಗಿಂತಲೂ ಮೊದಲು ಅನುಮಾನಿಸಬೇಕಾದದ್ದು ಅದಕ್ಕೆ ಸೇರಿದ ಬೆರಳಿಗಿಂತ ಸಣ್ಣ ಪೈಪನ್ನು. ಈ ಲೇಖನ ಆ ಪೈಪು ಮತ್ತು ಅದರ ಬುಡದ ಬಗ್ಗೆ.

ಯಂತ್ರ ವಾರಂಟಿಯಲ್ಲಿದ್ದರೆ ಸ್ಕ್ರೂ ಬಿಚ್ಚಬೇಡಿ. ಬಿಚ್ಚದೆ ಮಾಡುವ ಪರೀಕ್ಷೆಗಳನ್ನಷ್ಟೇ ಮಾಡಿ, ಕಂಡದ್ದನ್ನು ಕಂಪನಿಯವರಿಗೆ ತಿಳಿಸಿ.

ಸೆನ್ಸರ್ ನೀರನ್ನು ಮುಟ್ಟುವುದೇ ಇಲ್ಲ

ಸೆನ್ಸರ್ ಟಬ್ಬಿನ ಒಳಗಿರುತ್ತದೆ, ನೀರು ತಾಗಿದಾಗ ಕೆಲಸ ಮಾಡುತ್ತದೆ ಎಂದು ಅನೇಕರು ತಿಳಿದಿದ್ದಾರೆ. ನಿಜದಲ್ಲಿ ಅದು ಇರುವುದು ಯಂತ್ರದ ಮೇಲ್ಭಾಗದಲ್ಲಿ, ನೀರಿನಿಂದ ದೂರ. ಟಾಪ್ ಲೋಡ್ ಯಂತ್ರದಲ್ಲಿ ಸಾಮಾನ್ಯವಾಗಿ ಬಟನ್‌ಗಳಿರುವ ಪ್ಯಾನೆಲ್ಲಿನ ಕೆಳಗೆ, ಫ್ರಂಟ್ ಲೋಡ್ ಯಂತ್ರದಲ್ಲಿ ಮೇಲಿನ ಮುಚ್ಚಳದಡಿ ಒಂದು ಮೂಲೆಯಲ್ಲಿ. ಡಬ್ಬದ ಮುಚ್ಚಳದಂತಹ ದುಂಡನೆಯ ಪ್ಲಾಸ್ಟಿಕ್ ವಸ್ತು, ಅದಕ್ಕೆ ಕೆಲವು ವೈರುಗಳ ಪ್ಲಗ್ಗು ಮತ್ತು ಒಂದು ಸಣ್ಣ ಪೈಪು.

ಈ ಪೈಪಿನ ಇನ್ನೊಂದು ತುದಿ ಟಬ್ಬಿನ ಬುಡದಲ್ಲಿರುವ ಸಣ್ಣ ಗೂಡಿಗೆ ಸೇರುತ್ತದೆ. ಮೆಕ್ಯಾನಿಕ್‌ಗಳು ಅದನ್ನು ಏರ್ ಚೇಂಬರ್ ಎನ್ನುತ್ತಾರೆ. ಲೋಟವನ್ನು ಬೋರಲಾಗಿ ಬಕೆಟ್ ನೀರಿಗೆ ಒತ್ತಿದರೆ ಗಾಳಿ ಒಳಗೇ ಸಿಕ್ಕಿಕೊಳ್ಳುವುದಿಲ್ಲವೇ, ಇಲ್ಲಿಯೂ ಹಾಗೆಯೇ. ಟಬ್ಬಿನಲ್ಲಿ ನೀರು ಏರಿದಂತೆ ಗೂಡಿನ ಗಾಳಿ ಒತ್ತಿಕೊಳ್ಳುತ್ತದೆ. ಆ ಒತ್ತಡ ಪೈಪಿನ ಮೂಲಕ ಮೇಲೇರಿ ಸೆನ್ಸರಿನ ರಬ್ಬರ್ ಪೊರೆಯನ್ನು ತಳ್ಳುತ್ತದೆ. ಹಳೆಯ ಯಂತ್ರಗಳಲ್ಲಿ ಪೊರೆ ಒಂದು ಸ್ವಿಚ್ಚನ್ನು ಒತ್ತುತ್ತಿತ್ತು. ಈಗಿನವುಗಳಲ್ಲಿ ಅದು ಸುರುಳಿ ತಂತಿಯೊಳಗಿನ ಒಂದು ತುಂಡನ್ನು ಸರಿಸುತ್ತದೆ. ಅದು ಸರಿದಂತೆ ಬೋರ್ಡಿಗೆ ಹೋಗುವ ಸಂಕೇತದ ಆವರ್ತನ ಬದಲಾಗುತ್ತದೆ. ಬೋರ್ಡ್ ಅದನ್ನು ನೋಡಿ ಇಷ್ಟು ನೀರಿದೆ ಎಂದು ಲೆಕ್ಕ ಹಾಕುತ್ತದೆ.

ಈ ಒತ್ತಡ ಎಷ್ಟು ಸಣ್ಣದೆಂದರೆ, 10 ಸೆಂಟಿಮೀಟರ್ ಎತ್ತರದ ನೀರು ಕೊಡುವುದು ಸುಮಾರು 1 ಕಿಲೋಪ್ಯಾಸ್ಕಲ್ ಮಾತ್ರ. ನಮ್ಮ ಸುತ್ತಲಿನ ಗಾಳಿಯ ಒತ್ತಡದ ನೂರರಲ್ಲಿ ಒಂದು ಭಾಗದಷ್ಟು. ಆದ್ದರಿಂದ ಪೈಪಿನಲ್ಲಿ ಸೂಜಿಮೊನೆಯಷ್ಟು ತೂತು ಬಿದ್ದರೂ, ಒಂದು ಹನಿ ನೀರು ಅಡ್ಡ ನಿಂತರೂ ಲೆಕ್ಕ ತಪ್ಪುತ್ತದೆ. ಮಡಿಕೇರಿ ಸಾವಿರ ಮೀಟರಿಗಿಂತ ಎತ್ತರದಲ್ಲಿದೆ, ಇಲ್ಲಿ ಗಾಳಿ ತೆಳು, ಅದಕ್ಕೇ ಸೆನ್ಸರ್ ತಪ್ಪು ತೋರಿಸುತ್ತದೆ ಎಂದು ವಾದಿಸುವವರಿದ್ದಾರೆ. ಕೇಳಲು ಚೆನ್ನಾಗಿದೆ, ಆದರೆ ನಿಜವಲ್ಲ. ಪೊರೆಯ ಹಿಂಬದಿ ಹೊರಗಾಳಿಗೆ ತೆರೆದಿರುತ್ತದೆ. ಎತ್ತರ ಎಷ್ಟೇ ಇದ್ದರೂ ಎರಡೂ ಬದಿಯ ಗಾಳಿ ಸಮವಾಗಿರುತ್ತದೆ, ಸೆನ್ಸರ್ ಅಳೆಯುವುದು ನೀರು ಸೇರಿಸಿದ ಒತ್ತಡವನ್ನು ಮಾತ್ರ.

ಒಂದೇ ಪೈಪು, ಎರಡು ಬಗೆಯ ಕಾಯಿಲೆ

ಮೊದಲನೆಯದು ಗಾಳಿ ಸೋರುವುದು. ಪೈಪಿನ ತುದಿ ಗಡುಸಾಗಿ ಸೀಳುತ್ತದೆ, ಕ್ಲಿಪ್ ಸಡಿಲವಾಗುತ್ತದೆ, ಅಥವಾ ಇಲಿ ಕಡಿಯುತ್ತದೆ. ತೋಟದ ಮನೆಗಳಲ್ಲಿ ಯಂತ್ರವನ್ನು ಹಿಂದಿನ ಜಗಲಿಯಲ್ಲಿಡುವುದು ರೂಢಿ. ಮಳೆ ಹಿಡಿದ ಮೇಲೆ ಇಲಿಗೆ ಅದಕ್ಕಿಂತ ಬೆಚ್ಚನೆಯ ಜಾಗ ಬೇಕೇ? ಗಾಳಿ ಪೂರ್ತಿ ಸೋರಿದರೆ ಬೋರ್ಡಿಗೆ ನೀರಿದೆಯೆಂಬುದೇ ಗೊತ್ತಾಗುವುದಿಲ್ಲ, ಅದು ತುಂಬಿಸುತ್ತಲೇ ಇರುತ್ತದೆ. ನಿಧಾನವಾಗಿ ಸೋರಿದರೆ ಲಕ್ಷಣ ಬೇರೆ. ಮೊದಲ ಸಲ ನೀರು ಸರಿಯಾದ ಮಟ್ಟಕ್ಕೇ ನಿಲ್ಲುತ್ತದೆ. ಸ್ವಲ್ಪ ಹೊತ್ತು ಬಟ್ಟೆ ತಿರುಗಿದ ಮೇಲೆ ಮತ್ತೆ ನೀರು ಬಿಡುತ್ತದೆ, ಇನ್ನಷ್ಟು ಹೊತ್ತಿಗೆ ಮತ್ತೊಮ್ಮೆ.

ಎರಡನೆಯದು ಕಟ್ಟಿಕೊಳ್ಳುವುದು. ಇದು ನಮ್ಮಲ್ಲಿ ಹೆಚ್ಚು. ಆಷಾಢದ ತಣ್ಣೀರಿನಲ್ಲಿ ಸೋಪಿನ ಪುಡಿ ಪೂರ್ತಿ ಕರಗುವುದಿಲ್ಲ. ಕರಗದ ಪುಡಿ, ಬಟ್ಟೆಯ ನೂಲು, ತೋಟದ ಕೆಂಪು ಮಣ್ಣು ಎಲ್ಲವೂ ಸೇರಿ ಟಬ್ಬಿನ ಬುಡದ ಗೂಡಿನ ಬಾಯಲ್ಲಿ ಲೋಳೆಯಾಗಿ ಕೂರುತ್ತವೆ. ಯಂತ್ರ ಕೆಲವು ದಿನ ಸುಮ್ಮನಿದ್ದರೆ ಅದು ಒಣಗಿ ಗಟ್ಟಿಯಾಗುತ್ತದೆ. ಬಾಯಿ ಪೂರ್ತಿ ಮುಚ್ಚಿದರೆ ಒತ್ತಡ ಮೇಲೇರುವುದೇ ಇಲ್ಲ, ನೀರು ಉಕ್ಕುತ್ತದೆ. ಅರ್ಧ ಮುಚ್ಚಿದರೆ ಒತ್ತಡ ತಡವಾಗಿ ಏರುತ್ತದೆ, ತಡವಾಗಿ ಇಳಿಯುತ್ತದೆ. ಏರುವುದು ತಡವಾದ್ದರಿಂದ ನೀರು ಬೇಕಾದ್ದಕ್ಕಿಂತ ಹೆಚ್ಚು ತುಂಬುತ್ತದೆ. ಇಳಿಯುವುದು ತಡವಾದ್ದರಿಂದ, ನೀರೆಲ್ಲ ಹೊರಹೋದ ಮೇಲೂ ಒಳಗೆ ನೀರಿದೆಯೆಂದು ಬೋರ್ಡ್ ಕಾಯುತ್ತದೆ, ಸ್ಪಿನ್ ಶುರು ಮಾಡುವುದಿಲ್ಲ, ಕೊನೆಗೆ ನೀರು ಹೊರಹೋಗುತ್ತಿಲ್ಲ ಎಂದು ದೂರುತ್ತದೆ. ತುಂಬುವುದೂ ತಪ್ಪು, ಖಾಲಿ ಮಾಡುವುದೂ ತಪ್ಪು ಎಂದಾಗ ಎರಡು ಭಾಗಗಳು ಒಟ್ಟಿಗೆ ಕೆಟ್ಟಿವೆ ಎಂದೋ, ಎರಡನ್ನೂ ಆಳುವ ಬೋರ್ಡೇ ಕೆಟ್ಟಿದೆ ಎಂದೋ ಅನಿಸುವುದು ಸಹಜ. ಬೋರ್ಡಿನ ಮೇಲೆ ಸುಳ್ಳು ಆರೋಪ ಬರುವುದು ಹೀಗೆ.

ಸ್ಕ್ರೂ ಬಿಚ್ಚುವ ಮೊದಲು

ನೀರು ಮಿತಿಮೀರಿ ತುಂಬುತ್ತಿರುವಾಗ ಮೊದಲು ಪ್ಲಗ್ ಕಿತ್ತುಬಿಡಿ, ಗೋಡೆಯ ಸ್ವಿಚ್ ಆರಿಸಿದರೆ ಸಾಲದು. ನೆಲ ಒದ್ದೆಯಾಗಿದ್ದರೆ ಮೈನ್ ಸ್ವಿಚ್ ಆರಿಸಿ ನಂತರ ಪ್ಲಗ್ಗಿಗೆ ಕೈ ಹಾಕಿ. ನಲ್ಲಿಯನ್ನು ತಕ್ಷಣ ಮುಚ್ಚದೆ ಅರೆಕ್ಷಣ ಗಮನಿಸಿ. ಪ್ಲಗ್ ಕಿತ್ತ ಮೇಲೂ ನೀರು ಬೀಳುತ್ತಿದೆಯೇ? ಹಾಗಿದ್ದರೆ ತಪ್ಪು ಸೆನ್ಸರಿನದಲ್ಲ, ನೀರು ಒಳಬಿಡುವ ವಾಲ್ವಿನದು. ಆ ವಾಲ್ವ್ ತೆರೆಯಲು ಕರೆಂಟು ಬೇಕು. ಕರೆಂಟಿಲ್ಲದೆಯೂ ತೆರೆದಿದೆ ಎಂದರೆ ಹೆಚ್ಚಾಗಿ ಅದರ ರಬ್ಬರಿನಡಿ ಮರಳು ಸಿಕ್ಕಿರುತ್ತದೆ. ತೋಡಿನಿಂದಲೋ ಬೆಟ್ಟದ ಒರತೆಯಿಂದಲೋ ನೇರ ಪೈಪ್ ಎಳೆದ ಮನೆಗಳಲ್ಲಿ ಇದು ಆಗುತ್ತಲೇ ಇರುತ್ತದೆ. ಟ್ಯಾಂಕ್ ತೀರ ತಗ್ಗಿನಲ್ಲಿದ್ದು ನೀರಿನ ಒತ್ತಡ ಕಡಿಮೆಯಿದ್ದರೂ ಈ ವಾಲ್ವುಗಳು ಬಿಗಿಯಾಗಿ ಮುಚ್ಚಿಕೊಳ್ಳುವುದಿಲ್ಲ. ಪ್ಲಗ್ ಕಿತ್ತ ಕೂಡಲೇ ನೀರು ನಿಂತರೆ ವಾಲ್ವ್ ಸರಿಯಿದೆ, ನಮ್ಮ ಹುಡುಕಾಟ ಮುಂದುವರಿಯುತ್ತದೆ.

ಮಧ್ಯೆ ಮಧ್ಯೆ ನೀರು ಬಿಡುವ ಯಂತ್ರವಾದರೆ ಡ್ರಮ್ಮಿನ ನೀರಿನ ಎತ್ತರಕ್ಕೆ ಒಂದು ಗುರುತಿಟ್ಟುಕೊಳ್ಳಿ. ಪ್ರತಿ ಸಲ ನೀರು ಬಿಟ್ಟಾಗ ಎತ್ತರ ಏರುತ್ತಾ ಹೋದರೆ ಪೈಪಿನಲ್ಲಿ ಗಾಳಿ ಸೋರುತ್ತಿದೆ. ಎತ್ತರ ಏರದೆ ಅಲ್ಲಲ್ಲಿಗೇ ಬಂದು ನಿಂತರೆ ಬಂದ ನೀರು ಇನ್ನೊಂದು ಕಡೆಯಿಂದ ಹೋಗುತ್ತಿದೆ: ಡ್ರೈನ್ ವಾಲ್ವಿಗೆ ಕಸ ಸಿಕ್ಕಿರಬಹುದು, ಅಥವಾ ಫ್ರಂಟ್ ಲೋಡ್ ಯಂತ್ರದ ಡ್ರೈನ್ ಪೈಪನ್ನು ನೆಲದ ಮೇಲೆ ಬಿಟ್ಟಿರಬಹುದು. ಅದರ ತುದಿ ಮೇಲಕ್ಕೆ ಹೋಗಿ ಬಾಗಬೇಕು, ಇಲ್ಲದಿದ್ದರೆ ನೀರು ತಾನೇ ಹರಿದುಹೋಗುತ್ತದೆ. ಪಂಪ್ ಇಲ್ಲದ ಟಾಪ್ ಲೋಡ್ ಯಂತ್ರಕ್ಕೆ ಇದು ಉಲ್ಟಾ. ಅಲ್ಲಿ ಪೈಪು ಕೆಳಗೇ ಇರಬೇಕು, ಜಗಲಿಯ ಕಟ್ಟೆ ಹತ್ತಿಸಿದರೆ ನೀರು ಒಳಗೇ ಉಳಿಯುತ್ತದೆ.

ನೀರು ಒಳಗೆ ನಿಂತ ಯಂತ್ರವಾದರೆ ಕಣ್ಣಾರೆ ನೋಡಿ: ನಿಜವಾಗಿ ನೀರಿದೆಯೇ, ಅಥವಾ ಇದೆಯೆಂದು ಯಂತ್ರ ಹೇಳುತ್ತಿದೆಯೇ? ನಿಜವಾಗಿ ನೀರಿದ್ದರೆ ಮೊದಲು ಪಂಪಿನ ಜಾಲರಿ, ಡ್ರೈನ್ ಪೈಪು ನೋಡಬೇಕು. ಫ್ರಂಟ್ ಲೋಡ್‌ನಲ್ಲಿ ಕೆಳಗಿನ ಸಣ್ಣ ಬಾಗಿಲು ತೆರೆದರೆ ಜಾಲರಿಯ ತಿರುಪು ಸಿಗುತ್ತದೆ. ತಟ್ಟೆ ಇಟ್ಟುಕೊಂಡು ನಿಧಾನವಾಗಿ ಸಡಿಲಿಸಿ. ಬಿಸಿನೀರಿನ ಕಾರ್ಯಕ್ರಮ ನಡೆಯುತ್ತಿದ್ದರೆ ತಣಿಯುವ ತನಕ ಕಾಯಿರಿ.

ಪರದೆಯ ಮೇಲಿನ ಅಕ್ಷರಗಳೂ ದಾರಿ ತೋರಿಸುತ್ತವೆ, ಆದರೆ ಒಂದು ಕಂಪನಿಯ ಅರ್ಥವನ್ನು ಇನ್ನೊಂದಕ್ಕೆ ಹಚ್ಚಬಾರದು. ಎಲ್‌ಜಿ ಯಂತ್ರದಲ್ಲಿ `PE` ಎಂದರೆ ಮಟ್ಟದ ಸೆನ್ಸರಿನ ದೋಷ, `FE` ಎಂದರೆ ನೀರು ಮಿತಿಮೀರಿದೆ, `OE` ಎಂದರೆ ನೀರು ಹೊರಹೋಗುತ್ತಿಲ್ಲ. ಸ್ಯಾಮ್‌ಸಂಗ್ ಯಂತ್ರದಲ್ಲಿ `1E` ಅಥವಾ `1C` ಸೆನ್ಸರಿನದು, `5E` ಅಥವಾ `5C` ನೀರು ಹೊರಹೋಗದ್ದು. ಅಲ್ಲಿ `OE` ಬಂದರೆ ಅರ್ಥ ಬೇರೆಯೇ, ನೀರು ಹೆಚ್ಚಾಗಿ ತುಂಬಿದೆ ಎಂದು. ನಿಮ್ಮ ಯಂತ್ರದ ಕೈಪಿಡಿಯ ಕೊನೆಯ ಪುಟಗಳಲ್ಲಿ ಪಟ್ಟಿ ಇರುತ್ತದೆ.

ಸುಂಟಿಕೊಪ್ಪದ ಕಡೆಯ ಒಂದು ಮನೆಯಲ್ಲಿ

ಕಾಫಿ ತೋಟದ ಮನೆ, ಕೆಲವು ವರ್ಷ ಹಳೆಯ ಟಾಪ್ ಲೋಡ್ ಯಂತ್ರ. ಕನಿಷ್ಠ ಮಟ್ಟಕ್ಕೆ ಇಟ್ಟರೂ ನೀರು ಅರ್ಧ ಡ್ರಮ್ಮಿಗಿಂತ ಮೇಲೆ ಬರುತ್ತಿತ್ತು. ತೊಳೆದಾದ ಮೇಲೆ ನೀರು ಪೂರ್ತಿ ಹೋಗುತ್ತಿತ್ತು, ಆದರೆ ಸ್ಪಿನ್ ಆಗುತ್ತಿರಲಿಲ್ಲ. ಬೀಪ್ ಬೀಪ್ ಎಂದು ನಿಂತುಬಿಡುತ್ತಿತ್ತು. ಫೋನಿನಲ್ಲಿ ಬೋರ್ಡ್ ಬದಲಿಸಲು ಸಲಹೆ ಬಂದಿತ್ತು.

ದಾರಿ ತೋರಿಸಿದ್ದು ಮನೆಯ ಯಜಮಾನತಿ ಹೇಳಿದ ಒಂದು ಮಾತು: ‘ಮೋಟರ್ ಹಾಕಿದಾಗ ಮಾತ್ರ ಹೆಚ್ಚು ತುಂಬುತ್ತದೆ, ಟ್ಯಾಂಕಿನ ನೀರಲ್ಲಿ ಅಷ್ಟಿಲ್ಲ.’ ಪರೀಕ್ಷಿಸಿದಾಗ ಅದು ನಿಜವಾಗಿತ್ತು. ಮೋಟರಿನ ರಭಸಕ್ಕೆ ತುಂಬಿದ್ದಕ್ಕಿಂತ ಟ್ಯಾಂಕಿನಿಂದ ನಿಧಾನವಾಗಿ ತುಂಬಿದ್ದು ನಾಲ್ಕು ಬೆರಳು ಕೆಳಗೆ ನಿಂತಿತು. ಬೋರ್ಡ್ ಕೆಟ್ಟಿದ್ದರೆ ನೀರಿನ ವೇಗಕ್ಕೂ ಮಟ್ಟಕ್ಕೂ ಹೀಗೆ ನಂಟು ಇರಬೇಕಾಗಿರಲಿಲ್ಲ. ಪೈಪಿನಲ್ಲಿ ತೂತಿದ್ದರೆ ನಿಧಾನವಾಗಿ ತುಂಬಿದಾಗ ಗಾಳಿ ಸೋರಲು ಹೆಚ್ಚು ಸಮಯ ಸಿಕ್ಕಿ ಮಟ್ಟ ಇನ್ನೂ ಮೇಲೇರಬೇಕಿತ್ತು. ಒತ್ತಡ ತಡವಾಗಿ ತಲುಪುತ್ತಿದೆ ಎಂದರೆ ಮಾತ್ರ ಕಂಡದ್ದೆಲ್ಲ ಹೊಂದುತ್ತದೆ. ಅಂದರೆ ಅರ್ಧ ಕಟ್ಟಿಕೊಂಡ ಗೂಡು.

ಪ್ಲಗ್ ಕಿತ್ತು, ನಲ್ಲಿ ಮುಚ್ಚಿ, ಪ್ಯಾನೆಲ್ಲಿನ ಹಿಂದಿನ ಸ್ಕ್ರೂಗಳನ್ನು ತೆಗೆದು ಅದನ್ನು ಮುಂದಕ್ಕೆ ವಾಲಿಸಲಾಯಿತು. ಬಿಚ್ಚುವ ಮೊದಲು ಮೊಬೈಲಿನಲ್ಲಿ ಒಂದು ಫೋಟೊ ತೆಗೆದಿಟ್ಟರೆ ಪೈಪು ಹೋಗುವ ದಾರಿ, ಕ್ಲಿಪ್ಪಿನ ಜಾಗ ಮರೆಯುವುದಿಲ್ಲ. ಸ್ಪಿನ್ ಆಗದೆ ನಿಂತ ಸ್ವಲ್ಪ ಹೊತ್ತಿನಲ್ಲೇ, ಡ್ರಮ್ ಖಾಲಿಯಿರುವಾಗ, ಸೆನ್ಸರಿನಿಂದ ಪೈಪನ್ನು ಕಿತ್ತಾಗ ‘ಪುಸ್’ ಎಂದು ಸಣ್ಣ ಸದ್ದು ಬಂತು. ಖಾಲಿ ಟಬ್ಬಿಗೆ ಸೇರಿದ ಪೈಪಿನಲ್ಲಿ ಒತ್ತಡ ಇರಬಾರದು. ಪೈಪನ್ನು ಹಾಗೆಯೇ ಬಿಟ್ಟು, ಪ್ಯಾನೆಲ್ಲನ್ನು ಸರಿಯಾಗಿ ಕೂರಿಸಿ, ನಲ್ಲಿ ಮುಚ್ಚಿಯೇ ಇಟ್ಟು ಸ್ಪಿನ್ ಮಾತ್ರ ಹಾಕಿದರೆ ಯಂತ್ರ ತಕರಾರಿಲ್ಲದೆ ತಿರುಗಿತು. ಸೆನ್ಸರ್ ಶೂನ್ಯಕ್ಕೆ ಮರಳುತ್ತದೆ, ಬೋರ್ಡ್ ಅದನ್ನು ಓದುತ್ತದೆ ಎಂದು ಇದರಿಂದ ಖಚಿತವಾಯಿತು. ಪೈಪು ಕಿತ್ತಿರುವಾಗ ಎಂದೂ ನೀರು ಬಿಡಬೇಡಿ, ನಿಲ್ಲಿಸುವವರು ಯಾರೂ ಇರುವುದಿಲ್ಲ.

ಶುಚಿ ಮಾಡುವ ಕ್ರಮ

ಮತ್ತೆ ಪ್ಲಗ್ ಕಿತ್ತಿಡಿ. ಮೆಡಿಕಲ್ ಅಂಗಡಿಯಲ್ಲಿ ಸಿಗುವ 20 ಮಿಲಿಲೀಟರ್ ಸಿರಿಂಜನ್ನು ಸೂಜಿಯಿಲ್ಲದೆ ತೆಗೆದುಕೊಳ್ಳಿ. ಕೈ ಸಹಿಸುವಷ್ಟು ಬಿಸಿಯ ನೀರು ತುಂಬಿ, ಪೈಪಿನ ಬಿಡಿ ತುದಿಯಿಂದ ಟಬ್ಬಿನ ಕಡೆಗೆ ನಿಧಾನವಾಗಿ ತಳ್ಳಿ. ಕುದಿಯುವ ನೀರು ಪ್ಲಾಸ್ಟಿಕ್ಕಿಗೆ ಒಳ್ಳೆಯದಲ್ಲ. ಕಟ್ಟಿಕೊಂಡಿದ್ದರೆ ಮೊದಲು ನೀರು ಇಳಿಯುವುದೇ ಇಲ್ಲ. ಬಲವಂತ ಮಾಡದೆ ಕಾಲು ಗಂಟೆ ಹಾಗೇ ಬಿಡಿ, ಸೋಪಿನ ಗಟ್ಟಿ ತಾನಾಗಿ ನೆನೆಯುತ್ತದೆ. ಆ ಮನೆಯಲ್ಲಿ ಎರಡನೆಯ ಸಿರಿಂಜಿಗೆ ತಡೆ ಒಮ್ಮೆಲೇ ಬಿಟ್ಟಿತು, ಡ್ರೈನ್ ಪೈಪಿನಿಂದ ಬೂದು ಬಣ್ಣದ ಲೋಳೆ ಕೆಂಪು ಮಣ್ಣಿನೊಂದಿಗೆ ಹೊರಬಂತು. ಬರುವ ನೀರು ತಿಳಿಯಾಗುವವರೆಗೆ ಮುಂದುವರಿಸಿ.

ಸೆನ್ಸರಿನ ಕಡೆಗೆ ನೀರನ್ನೂ ಪಂಪಿನ ಗಾಳಿಯನ್ನೂ ಎಂದೂ ಬಿಡಬೇಡಿ. ಅದು ತಿಳಿಯುವುದು ಗೇಣೆತ್ತರದ ನೀರಿನ ಒತ್ತಡವನ್ನು. ಜೋರಾಗಿ ಊದುವ ಮನುಷ್ಯನ ಬಾಯಿ ಅದಕ್ಕಿಂತ ಹಲವು ಪಟ್ಟು ಒತ್ತಡ ಕೊಡಬಲ್ಲದು, ಪೊರೆ ಶಾಶ್ವತವಾಗಿ ಹಿಗ್ಗಿಬಿಡಬಹುದು. ಸೈಕಲ್ ಪಂಪ್ ಬಳಸುವುದಿದ್ದರೆ ಟಬ್ಬಿನ ಕಡೆಯ ಪೈಪನ್ನು ಒಣಗಿಸಲು ಮಾತ್ರ. ಸೆನ್ಸರಿನ ಮೇಲೆ ಬಣ್ಣ ಹಚ್ಚಿ ಮುಚ್ಚಿದ ಒಂದು ತಿರುಪು ಕಂಡರೆ ಅದನ್ನೂ ಮುಟ್ಟಬೇಡಿ. ಕಾರ್ಖಾನೆಯಲ್ಲಿ ಹೊಂದಿಸಿದ್ದು ಅದು, ತಿರುಗಿಸಿದರೆ ಮತ್ತೆ ಮೊದಲಿನ ಜಾಗಕ್ಕೆ ತರುವುದು ಕಷ್ಟ.

ತೂತಿನ ಅನುಮಾನವಿದ್ದರೆ ಪೈಪನ್ನು ಎರಡೂ ಕಡೆ ಬಿಡಿಸಿ, ಒಂದು ತುದಿ ಬೆರಳಿನಿಂದ ಮುಚ್ಚಿ, ನೀರಿನಲ್ಲಿ ಮುಳುಗಿಸಿ ಇನ್ನೊಂದು ತುದಿಯಿಂದ ಊದಿ. ಗುಳ್ಳೆ ಬಂದಲ್ಲಿ ತೂತು. ಸೀಳು ತುದಿಯಲ್ಲೇ ಇದ್ದು ಪೈಪು ಸಾಕಷ್ಟು ಉದ್ದವಿದ್ದರೆ ಆ ಒಂದೆರಡು ಸೆಂಟಿಮೀಟರ್ ಕತ್ತರಿಸಿ ಮತ್ತೆ ಸೇರಿಸಬಹುದು. ನಡುವೆ ಇದ್ದರೆ ಟೇಪು ಸುತ್ತಬೇಡಿ, ತೇವಕ್ಕೆ ಒಂದು ವಾರ ನಿಲ್ಲುವುದಿಲ್ಲ. ಅದೇ ಒಳವ್ಯಾಸದ ಹೊಸ ಪೈಪು ಹಾಕಿ. ಡ್ರಿಪ್ ಬಾಟಲಿಯ ನಳಿಕೆ ಹಾಕಿ ನಿಭಾಯಿಸಿದವರನ್ನು ಕಂಡಿದ್ದೇನೆ. ಅದು ಬಿಗಿಯಾಗಿ ಕೂರದೆ ಮತ್ತೆ ಅದೇ ರಗಳೆ.

ಮರಳಿ ಸೇರಿಸುವಾಗ ಒಂದು ನಿಯಮ ಉಳಿದೆಲ್ಲಕ್ಕಿಂತ ಮುಖ್ಯ: ಟಬ್ಬಿನಲ್ಲಿ ಒಂದು ಹನಿ ನೀರೂ ಉಳಿದಿರಬಾರದು. ನೀರಿರುವಾಗ ಪೈಪು ಸೇರಿಸಿದರೆ ಗೂಡಿನಲ್ಲಿ ಗಾಳಿಯ ಬದಲು ನೀರೇ ತುಂಬಿರುತ್ತದೆ. ಆ ಎತ್ತರವನ್ನೇ ಯಂತ್ರ ಶೂನ್ಯವೆಂದು ತಿಳಿದು ಅದರ ಮೇಲೆ ಪೂರ್ತಿ ಅಳತೆ ತುಂಬಿಸುತ್ತದೆ. ರಿಪೇರಿ ಮಾಡಿದ ಮೇಲೆ ಇನ್ನೂ ಹೆಚ್ಚು ತುಂಬುತ್ತದೆ ಎಂಬ ದೂರುಗಳ ಹಿಂದೆ ಹಲವು ಸಲ ಇರುವುದು ಇದೇ. ಪೈಪಿನ ಒಳಗೂ ಹನಿ ನಿಂತಿರಬಾರದು. ಬುಡದಿಂದ ಸೆನ್ಸರಿನವರೆಗೆ ಅದು ಏರುತ್ತಲೇ ಹೋಗಬೇಕು. ನಡುವೆ ಜೋತುಬಿದ್ದರೆ ನಮ್ಮ ಥಂಡಿಗೆ ಒಳಗೆ ಕಟ್ಟುವ ಹನಿಗಳು ಆ ತಗ್ಗಿನಲ್ಲಿ ಸೇರಿ ಮತ್ತೆ ತಡೆಯಾಗುತ್ತವೆ.

ಪೈಪು ಸರಿಯಿದ್ದೂ ದೋಷ ಹೋಗದಿದ್ದರೆ

ಪೈಪು ಕಿತ್ತ ಸ್ಥಿತಿಯಲ್ಲೂ ಯಂತ್ರ ನೀರಿದೆ ಎನ್ನುತ್ತಿದ್ದರೆ, ಅಥವಾ ಸೆನ್ಸರಿನ ದೋಷಸಂಕೇತ ಆನ್ ಮಾಡಿದ ಕೂಡಲೇ ಬರುತ್ತಿದ್ದರೆ, ಗೋಡೆಯ ಪ್ಲಗ್ ಕಿತ್ತ ಮೇಲೆ ಸೆನ್ಸರಿನ ವೈರ್ ಪ್ಲಗ್ಗನ್ನು ಬಿಚ್ಚಿ ಪಿನ್ನುಗಳನ್ನು ನೋಡಿ. ಹಸಿರು ಕಿಲುಬು ಹಿಡಿದಿದ್ದರೆ ಒಣ ಬ್ರಷ್ಷಿನಿಂದ ಉಜ್ಜಿ, ಕೆಲವು ಸಲ ಹಾಕಿ ತೆಗೆದು ಕೂರಿಸಿ. ಬೋರ್ಡಿನ ಕಡೆಯ ತುದಿಯನ್ನೂ ಹೀಗೆಯೇ ನೋಡಬೇಕು, ಇರುವೆಗಳು ಅಲ್ಲಿ ಮನೆ ಮಾಡಿರುವುದುಂಟು. ಅದಾದ ಮೇಲೂ ಬದಲಾಗದಿದ್ದರೆ ಸೆನ್ಸರ್ ಬದಲಿಸುವ ಸರದಿ. ಅದರ ಮೈಮೇಲೆ ಮುದ್ರಿಸಿದ ಸಂಖ್ಯೆಯನ್ನು ಕೊಟ್ಟು ಅದನ್ನೇ ತರಿಸಿ. ನೋಡಲು ಒಂದೇ ತೆರನಾಗಿದ್ದರೂ ಬೇರೆ ಮಾದರಿಯದ್ದು ಬೇರೆ ಲೆಕ್ಕ ಕೊಡುತ್ತದೆ. ಬೋರ್ಡಿಗೆ ಹೋಲಿಸಿದರೆ ಇದು ಅಗ್ಗದ ಭಾಗ. ಹೊಸ ಸೆನ್ಸರಿನಲ್ಲೂ ಅದೇ ದೋಷ ಬಂದರೆ ಆಗ ಬೋರ್ಡನ್ನು ಮೆಕ್ಯಾನಿಕ್ಕಿಗೆ ತೋರಿಸುವುದು ನ್ಯಾಯ.

ಎಲ್ಲ ಮುಚ್ಚಿದ ಮೇಲೆ ಬಟ್ಟೆ ಹಾಕದೆ ಕನಿಷ್ಠ ಮಟ್ಟಕ್ಕೆ ನೀರು ಬಿಡಿ, ಒಮ್ಮೆ ಟ್ಯಾಂಕಿನಿಂದ, ಇನ್ನೊಮ್ಮೆ ಮೋಟರ್ ಹಾಕಿ. ಎರಡೂ ಸಲ ಹೆಚ್ಚುಕಡಿಮೆ ಒಂದೇ ಎತ್ತರಕ್ಕೆ ನಿಲ್ಲಬೇಕು. ಆಮೇಲೆ ತೊಳೆಯುವ ಕಾರ್ಯಕ್ರಮವನ್ನು ಕಾಲು ಗಂಟೆ ನಡೆಸಿ, ತಾನಾಗಿ ಮತ್ತೆ ನೀರು ಬಿಡುವುದೇ ನೋಡಿ. ಕೊನೆಗೆ ನೀರು ಹೊರಬಿಟ್ಟು ಸ್ಪಿನ್ ಹಾಕಿ. ಸುಂಟಿಕೊಪ್ಪದ ಯಂತ್ರದಲ್ಲಿ ಎರಡೂ ಸಲ ನೀರು ಒಂದೇ ಗೆರೆಗೆ ನಿಂತಿತು, ಸ್ಪಿನ್ನೂ ತಡವಿಲ್ಲದೆ ಶುರುವಾಯಿತು. ಅಲ್ಲಿ ಆಮೇಲೆ ಬದಲಿಸಿದ್ದು ಸೋಪು ಹಾಕುವ ರೀತಿಯನ್ನು ಮಾತ್ರ: ಮಳೆಗಾಲದಲ್ಲಿ ಪುಡಿಯನ್ನು ಒಂದು ಮಗ್ ಬೆಚ್ಚನೆಯ ನೀರಿನಲ್ಲಿ ಕರಗಿಸಿಯೇ ಹಾಕುತ್ತಾರೆ, ತೋಟದಿಂದ ಬಂದ ಬಟ್ಟೆಯ ಮಣ್ಣನ್ನು ಹೊರಗೇ ಒಮ್ಮೆ ಜಾಲಿಸುತ್ತಾರೆ.